ಶನಿವಾರ ಸ್ಲ್ಯಾಬ್ ಕಾಂಕ್ರೀಟ್, ನನ್ನ ಪ್ರಶ್ನೆ ಇನ್ನೂ ಬಾಯಲ್ಲೇ ಇದೆ

ಗದಗಿನವಳು · ಬುಧವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸಿವಿಲ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿ ಎಂಟು ವಾರ ಆಯಿತು. ಹುಬ್ಬಳ್ಳಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಸೈಟು. ನೆಲಮಹಡಿ, ಅದರ ಮೇಲೆ ಮೂರು ಮಹಡಿ.

ಎರಡನೇ ವಾರದಲ್ಲಿ ಸೀನಿಯರ್ ಸರ್ ಹತ್ತಿರ ಒಂದು ಪ್ರಶ್ನೆ ಕೇಳಿದ್ದೆ. ಕಾಲಂ ರಿಂಗುಗಳು ಬುಡದಲ್ಲೂ ತುದಿಯಲ್ಲೂ ಒತ್ತೊತ್ತಾಗಿವೆ, ನಡುವೆ ದೂರ ದೂರ ಇವೆ, ಯಾಕೆ ಸರ್ ಅಂತ. "ನಾಲ್ಕು ವರ್ಷ ಕಾಲೇಜಲ್ಲಿ ಏನ್ ಓದಿದೆ?" ಅಂದರು. ಫಿಟ್ಟರ್‌ಗಳು, ಸೆಂಟ್ರಿಂಗ್‌ನವರು ಎಲ್ಲ ಅಲ್ಲೇ ನಿಂತಿದ್ದರು. ಅವತ್ತೇ ಕೇಳೋದು ಬಿಟ್ಟೆ. ಏನು ಹೇಳಿದರೂ ತಲೆಯಾಡಿಸ್ತೀನಿ, ರಾತ್ರಿ ರೂಮಿಗೆ ಬಂದು ವಿಡಿಯೊ ಹುಡುಕ್ತೀನಿ.

ಈಗ ಸಿಕ್ಕಿಹಾಕಿಕೊಂಡಿದ್ದೀನಿ. ಶನಿವಾರ ನೆಲಮಹಡಿಯ ಮೇಲಿನ ಸ್ಲ್ಯಾಬ್‌ಗೆ ಕಾಂಕ್ರೀಟ್. ಕೆಳಗಿನ ಕಾಲಂ ಕಂಬಿಗಳು 20 ಎಂಎಂ. ಮೇಲಿನ ಮಹಡಿಗೆ 16 ಎಂಎಂ ಬರುತ್ತದೆ. ಕೆಳಗಿನ ಕಂಬಿ, ಮೇಲಿನ ಕಂಬಿ ಪಕ್ಕಪಕ್ಕ ಸೇರುವ ಉದ್ದಕ್ಕೆ, ಅಂದರೆ ಲ್ಯಾಪ್‌ಗೆ, ಡ್ರಾಯಿಂಗಿನ ಜನರಲ್ ನೋಟ್ಸ್‌ನಲ್ಲಿ 50ಡಿ, ಅಂದರೆ ಡಯಾದ 50 ಪಟ್ಟು, ಅಂತ ಮಾತ್ರ ಇದೆ. ಇವತ್ತು ಟೇಪ್ ಹಿಡಿದು ಅಳೆದೆ. ಸ್ಲ್ಯಾಬ್ ಲೆವೆಲ್ ಗುರುತಿನಿಂದ ಮೇಲೆ ಎಲ್ಲ ಕಾಲಂಗಳಲ್ಲೂ 850 ಎಂಎಂ ಕಂಬಿ ಬಿಟ್ಟಿದ್ದಾರೆ. 20ಕ್ಕೆ ಲೆಕ್ಕ ಹಾಕಿದರೆ 1000 ಬೇಕು, 16ಕ್ಕೆ ಹಾಕಿದರೆ 800 ಸಾಕು. ಯಾವ ಡಯಾ ಹಿಡಿಯಬೇಕು? ಫಿಟ್ಟರ್ ಅಣ್ಣನನ್ನು ಕೇಳಿದೆ. "ಸಾಕು ಮೇಡಂ, ಇಪ್ಪತ್ತು ವರ್ಷದಿಂದ ಮಾಡ್ತಾ ಇದ್ದೀನಿ" ಅಂದರು. ಸರ್ ಹತ್ತಿರ ಹೋದರೆ ಮತ್ತೆ ಅದೇ ಮಾತು ಬರುತ್ತೆ ಅಂತ ಭಯ. ಶುಕ್ರವಾರ ಚೆಕ್‌ಲಿಸ್ಟ್‌ಗೆ ನಾನೂ ಸಹಿ ಹಾಕಬೇಕು. ಏನು ಮಾಡಲಿ?

ಕೋಡ್ ಬರೆಯೋನು · ಬುಧವಾರ ರಾತ್ರಿ 11:05

ನಾನು ಸಾಫ್ಟ್‌ವೇರ್. ನನಗೂ ಮೊದಲ ವರ್ಷ ಹೀಗೇ ಆಗಿತ್ತು. ಒಂದು ಎರರ್ ಇಟ್ಟುಕೊಂಡು ಎರಡು ದಿನ ಕೂತಿದ್ದೆ, ಆಮೇಲೆ ಪಕ್ಕದವರು ಬಂದು ಹತ್ತು ನಿಮಿಷದಲ್ಲಿ ಸರಿ ಮಾಡಿದರು. ನಮ್ಮಲ್ಲಿ ಒಂದು ರೂಢಿ ಇದೆ. ಅರ್ಧ ಗಂಟೆ ನೀವೇ ಒದ್ದಾಡಿ, ಆಗಲಿಲ್ಲ ಅಂದರೆ ಟೀಮ್ ಗ್ರೂಪಿನಲ್ಲಿ ಬರೆದು ಹಾಕಿ. ತಪ್ಪಾದರೂ ಆಮೇಲೆ ಸರಿ ಮಾಡಬಹುದು, ಅಷ್ಟು ಹೆದರಬೇಡಿ.

ಶಿವಮೊಗ್ಗ ಸಿವಿಲ್ · ಬುಧವಾರ ರಾತ್ರಿ 11:20

ಕೋಡ್ ಅವರೇ, "ಆಮೇಲೆ ಸರಿ ಮಾಡಬಹುದು" ಅನ್ನೋದು ನಮ್ಮ ಕೆಲಸದಲ್ಲಿ ನಡೆಯೋದಿಲ್ಲ. ನನ್ನದೇ ಕಥೆ ಹೇಳ್ತೀನಿ.

ಮೊದಲ ಸೈಟಿನಲ್ಲಿ ಬಾಲ್ಕನಿ ಸ್ಲ್ಯಾಬ್. ಗೋಡೆಯಿಂದ ಸುಮಾರು ನಾಲ್ಕು ಅಡಿ ಹೊರಗೆ ಚಾಚಿತ್ತು, ಕೆಳಗೆ ಆಸರೆ ಇಲ್ಲ. ಅಂಥ ಕಡೆ ಮುಖ್ಯ ಕಂಬಿ ಮೇಲೆ ಇರಬೇಕು, ಯಾಕೆಂದರೆ ಎಳೆತ ಬೀಳೋದು ಮೇಲ್ಭಾಗಕ್ಕೆ. ಆ ಕಂಬಿಯನ್ನು ಎತ್ತಿ ಹಿಡಿಯೋಕೆ ಚೇರ್ ಇಡ್ತಾರೆ. ಅಲ್ಲಿ ಚೇರ್ ತುಂಬಾ ಕಡಿಮೆ ಇದ್ದವು. ಕಾಂಕ್ರೀಟ್ ಹಾಕುವಾಗ ಜನ ಕಂಬಿ ಮೇಲೇ ಓಡಾಡಿದರು, ಅದು ಕುಗ್ಗಿ ಹೆಚ್ಚುಕಡಿಮೆ ಹಲಗೆಗೆ ಹತ್ತಿತು. ನಾನು ಅಲ್ಲೇ ನಿಂತು ನೋಡ್ತಾ ಇದ್ದೆ. ಒಳಗಿನ ಸ್ಲ್ಯಾಬ್‌ನಲ್ಲಿ ಮುಖ್ಯ ಕಂಬಿ ಕೆಳಗೇ ಇರುತ್ತದಲ್ಲ, ಇಲ್ಲೂ ಹಾಗೇ ಇರಬೇಕು ಅಂದುಕೊಂಡೆ. "ಇದು ಸರಿನಾ?" ಅಂತ ಕೇಳೋಕೆ ಬಾಯಿ ಬರಲಿಲ್ಲ. ಅವತ್ತು ಸುತ್ತ ಹತ್ತು ಜನ ಇದ್ದರು.

ಷಟರಿಂಗ್ ಬಿಚ್ಚಿದ ಮೇಲೆ ಗೋಡೆಯ ಗುಂಟ, ಮೇಲ್ಗಡೆ, ಉದ್ದಕ್ಕೂ ಒಂದು ಬಿರುಕು. ಮತ್ತೆ ಆಸರೆ ಕೊಟ್ಟು, ಪೂರ್ತಿ ಒಡೆದು ತೆಗೆದೆವು. ಅದೃಷ್ಟಕ್ಕೆ ಯಾರೂ ಅದರ ಮೇಲೆ ನಿಂತಿರಲಿಲ್ಲ. ಆ ಬಿರುಕಿನ ಗೆರೆ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ತಂಗಿ, ಕಾಂಕ್ರೀಟ್ ಬೀಳೋವರೆಗೆ ಮಾತ್ರ ನಿನ್ನ ಪ್ರಶ್ನೆಗೆ ಬೆಲೆ. ಆಮೇಲೆ ಅದು ಬರೀ ಪಶ್ಚಾತ್ತಾಪ.

ಕಬ್ಬಿಣದ ಕೆಲಸ · ಗುರುವಾರ ಬೆಳಗ್ಗೆ 6:15

ನಾನು ಬಾರ್‌ಬೆಂಡಿಂಗ್ ಕಂಟ್ರಾಕ್ಟರ್, 22 ವರ್ಷದ ಅನುಭವ. ಕಾಲಂಗೆ 40ಡಿ ಸಾಕು ಮೇಡಂ. ಕಾಲಂನಲ್ಲಿ ಇರೋದು ಬರೀ ಒತ್ತಡ, ಎಳೆತ ಇಲ್ಲ. ನಾವು ಎಲ್ಲ ಕಡೆ 40ಡಿ ಕೊಟ್ಟಿದ್ದೀವಿ, ಒಂದು ಬಿಲ್ಡಿಂಗೂ ಬಿದ್ದಿಲ್ಲ. 20ಕ್ಕೆ 40 ಹಾಕಿದರೂ 800 ಆಯಿತು. ನಿಮ್ಮ ಫಿಟ್ಟರ್ 850 ಬಿಟ್ಟಿದ್ದಾನೆ, ಒಳ್ಳೆ ಹುಡುಗ. ತಲೆ ಕೆಡಿಸಿಕೊಳ್ಳಬೇಡಿ.

ಡಿಸೈನ್ ಟೇಬಲ್ · ಗುರುವಾರ ಬೆಳಗ್ಗೆ 7:50

ನಾನು ಸ್ಟ್ರಕ್ಚರಲ್ ಡಿಸೈನರ್, ಮೈಸೂರು. ಗದಗಿನವಳು, ನಿಮ್ಮ ಪ್ರಶ್ನೆ ಚೆನ್ನಾಗಿದೆ. ಸುಮ್ನೆ ಸಮಾಧಾನಕ್ಕೆ ಹೇಳ್ತಾ ಇಲ್ಲ. ಡ್ರಾಯಿಂಗಿನಲ್ಲಿ ಬರೀ 50ಡಿ ಅಂತ ಬರೆದು ಬಿಟ್ಟರೆ ಯಾವ "ಡಿ" ಅಂತ ಕೇಳಲೇಬೇಕಾಗುತ್ತದೆ. ಎರಡು ಬೇರೆ ಡಯಾದ ಕಂಬಿ ಜೋಡಿಸುವಾಗ ಸಣ್ಣ ಕಂಬಿಯ ಡಯಾ ಹಿಡಿದು ಲೆಕ್ಕ ಹಾಕಬೇಕು ಅಂತ ಕಾಂಕ್ರೀಟ್ ಕೋಡ್ ಐಎಸ್ 456 ಹೇಳುತ್ತದೆ. ಸಣ್ಣ ಕಂಬಿ ಹೊರುವಷ್ಟು ಬಲವನ್ನು ದಾಟಿಸಿದರೆ ಸಾಕಲ್ಲ, ಅದಕ್ಕೆ. ಹಾಗಾಗಿ 16 × 50 = 800. 850 ಬಿಟ್ಟಿದ್ದರೆ ಸರಿ ಇದೆ.

ಕಬ್ಬಿಣದ ಕೆಲಸ ಅವರ ಮಾತು ಅರ್ಧ ಸರಿ. ಆ 40 ಗಾಳಿಯಲ್ಲಿ ಬಂದ ಸಂಖ್ಯೆ ಅಲ್ಲ. ಎಂ25 ಕಾಂಕ್ರೀಟ್, ಎಫ್‌ಇ 500 ಕಂಬಿ ಇದ್ದರೆ ಎಳೆತಕ್ಕೆ ಸುಮಾರು 49 ಪಟ್ಟು ಬೇಕು. ಡ್ರಾಯಿಂಗಿನಲ್ಲಿ ಅದನ್ನೇ 50 ಅಂತ ಬರೀತೀವಿ. ಕಂಬಿ ಒತ್ತಡದಲ್ಲಿ ಇದ್ದರೆ ಕಾಂಕ್ರೀಟಿನ ಹಿಡಿತವನ್ನು ಕಾಲುಭಾಗ ಜಾಸ್ತಿ ಹಿಡಿಯಬಹುದು, ಆಗ ಸುಮಾರು 39 ಪಟ್ಟು ಸಾಕು. ಆದರೆ ಅದೇ ಕಂಬಿ ಎಂ20ಯಲ್ಲಿ ಇದ್ದರೆ ಒತ್ತಡಕ್ಕೇ 46 ಬೇಕು, ಎಳೆತಕ್ಕೆ 57. ಅಲ್ಲಿ 40 ಸಾಲೋದಿಲ್ಲ. ಮತ್ತೆ, ಎಲ್ಲ ಕಾಲಂನಲ್ಲೂ ಬರೀ ಒತ್ತಡ ಅನ್ನೋದು ನಿಜ ಅಲ್ಲ. ಮೂಲೆಯ ಕಾಲಂಗಳನ್ನು ಎರಡು ಕಡೆಯಿಂದ ಬೀಮ್‌ಗಳು ಬಾಗಿಸುತ್ತವೆ. ಮೇಲಿನ ಮಹಡಿಗಳಲ್ಲಿ ಭಾರ ಕಡಿಮೆ, ಬಾಗುವಿಕೆ ಜಾಸ್ತಿ. ಒಂದು ಮುಖದ ಕಂಬಿ ಎಳೆತಕ್ಕೆ ಹೋಗಬಹುದು. ಯಾವ ಕಾಲಂ ಯಾವುದು ಅಂತ ಗೊತ್ತಿರೋದು ಲೆಕ್ಕ ಹಾಕಿದವರಿಗೆ ಮಾತ್ರ.

ಅದಕ್ಕೇ ಒಂದು ಮಾತು. ನಾನು ಇಲ್ಲಿ 800 ಸರಿ ಅಂದೆ ಅಂತ ಸಹಿ ಹಾಕಬೇಡಿ. ನಾನು ನಿಮ್ಮ ಡ್ರಾಯಿಂಗ್ ನೋಡಿಲ್ಲ. ಕೆಲವರು ಜನರಲ್ ನೋಟ್ಸ್‌ನಲ್ಲಿ ದೊಡ್ಡ ಡಯಾ ಹಿಡಿಯಿರಿ ಅಂತಲೂ ಬರೀತಾರೆ, ಆಗ ಅದೇ ಲೆಕ್ಕ. ನಿಮ್ಮ ಸೀನಿಯರ್ ಅಥವಾ ಡಿಸೈನರ್ ಬಾಯಿಂದಲೇ ಉತ್ತರ ಬರಬೇಕು.

ಎರಡನೇ ವಾರದ ಪ್ರಶ್ನೆಗೂ ಉತ್ತರ ಕೊಡ್ತೀನಿ. ಭೂಕಂಪದಲ್ಲಿ ಕಾಲಂ ಅಲುಗಾಡಿದರೆ ಪೆಟ್ಟು ಜಾಸ್ತಿ ಬೀಳೋದು ಬೀಮ್ ಸೇರುವ ಜಾಗದ ಹತ್ತಿರ, ಅಂದರೆ ಬುಡ ಮತ್ತು ತುದಿಯಲ್ಲಿ. ಅಲ್ಲಿ ಒಳಗಿನ ಕಾಂಕ್ರೀಟ್ ಸಿಡಿದು ಹೋಗದ ಹಾಗೆ ರಿಂಗುಗಳು ಬಿಗಿಯಾಗಿ ಹಿಡಿದುಕೊಳ್ಳಬೇಕು. ಅದಕ್ಕೇ ಒತ್ತೊತ್ತು. ಕಾಲೇಜಿನಲ್ಲಿ ಇದನ್ನು ಲೆಕ್ಕದಲ್ಲಿ ನೋಡಿರ್ತೀರಿ. ಸೈಟಿನಲ್ಲಿ ಕಣ್ಣಾರೆ ಕಂಡು ಯಾಕೆ ಅಂತ ಕೇಳಿದಿರಿ. ಅದರಲ್ಲಿ ನಾಚಿಕೆ ಪಡೋ ಅಂಥದ್ದು ಏನೂ ಇಲ್ಲ.

ನಾಲ್ಕು ಸೈಟ್ · ಗುರುವಾರ ಬೆಳಗ್ಗೆ 9:30

ಎಲ್ಲರೂ ಆ ಸೀನಿಯರನ್ನು ಬೈಯೋ ಮೊದಲು ನನ್ನಂಥವರ ಕಡೆಯೂ ಸ್ವಲ್ಪ ನೋಡಿ. ನಾನು ಪ್ರಾಜೆಕ್ಟ್ ಮ್ಯಾನೇಜರ್. ಒಂದು ಕಡೆ ಸಿಮೆಂಟ್ ಬಂದಿಲ್ಲ, ಇನ್ನೊಂದು ಕಡೆ ಪಂಪ್ ಕೆಟ್ಟಿದೆ, ಮಾಲೀಕರ ಫೋನ್ ಬರ್ತಾನೇ ಇರುತ್ತೆ. ಆಗ ಹೊಸಬರು ಬಂದು "ಸರ್, ಲ್ಯಾಪ್ ಎಷ್ಟು?" ಅಂತಾರೆ. ಡ್ರಾಯಿಂಗ್ ಬಿಚ್ಚಿ ನೋಡಿರೋದಿಲ್ಲ. ಆಗ ಬೈಗುಳ ಬಂದೇ ಬರುತ್ತೆ.

ಅದೇ ಹುಡುಗ ಬಂದು "ಸರ್, ಕಾಲಂ ಶೀಟಿನಲ್ಲಿ ಸಿ3ಗೆ ಕೆಳಗೆ 20, ಮೇಲೆ 16. ನೋಟ್ಸ್ ಪ್ರಕಾರ 50ಡಿ. 16 ಹಿಡಿದರೆ 800, 20 ಹಿಡಿದರೆ 1000. ಸೈಟಿನಲ್ಲಿ 850 ಇದೆ. ಯಾವುದು?" ಅಂದರೆ ನಾನು ಫೋನ್ ಕಟ್ ಮಾಡಿ ಉತ್ತರ ಕೊಡ್ತೀನಿ. ನನಗೆ ಹತ್ತು ಸೆಕೆಂಡ್ ಸಾಕು. ಅವನು ಓದಿ ಬಂದಿದ್ದಾನೆ, ಅಳೆದು ಬಂದಿದ್ದಾನೆ ಅಂತ ಆ ಮಾತಿನಲ್ಲೇ ಗೊತ್ತಾಗುತ್ತೆ. ದಡ್ಡ ಅಂತ ಅನ್ನಿಸೋದೇ ಇಲ್ಲ.

ಕ್ವಾಲಿಟಿ ಅಕ್ಕ · ಗುರುವಾರ ಬೆಳಗ್ಗೆ 10:10

ನಾಲ್ಕು ಸೈಟ್ ಸರ್, ಹೇಗೆ ಕೇಳಬೇಕು ಅಂತ ನೀವು ಹೇಳಿದ್ದು ಒಪ್ಪಿದೆ. ಆದರೆ ಆ ಹುಡುಗಿ ರಿಂಗ್ ಬಗ್ಗೆ ಕೇಳಿದ್ದು ಡ್ರಾಯಿಂಗ್ ನೋಡಿದ ಮೇಲೇ ಅಲ್ವಾ? ಆದರೂ ಬೈಗುಳ ತಿಂದಳು. ಲೇಬರ್ ಮುಂದೆ ಒಂದು ಸಲ ಹಾಗೆ ಆದರೆ, ಮರುದಿನ ಆ ಫಿಟ್ಟರ್‌ಗೆ "ಕವರ್ ಬ್ಲಾಕ್ ಇಡಿ" ಅಂತ ಹೇಳೋಕೂ ಅವಳಿಗೆ ಧೈರ್ಯ ಬರೋದಿಲ್ಲ. ಹೇಳಿದರೂ ಅವರು ಕೇಳೋದಿಲ್ಲ. ನಷ್ಟ ಆಗೋದು ಕಟ್ಟಡಕ್ಕೆ. ನಾನು ಹೆಂಗಸಾಗಿ ಹನ್ನೊಂದು ವರ್ಷ ಸೈಟಿನಲ್ಲಿ ನಿಂತವಳು, ಇದನ್ನು ಬಹಳ ನೋಡಿದ್ದೀನಿ.

ತಂಗಿ, ನಾನು ಮಾಡ್ತಿದ್ದದ್ದು ಹೇಳ್ತೀನಿ. ಪ್ರಶ್ನೆಗಳನ್ನು ಎರಡು ಗುಂಪು ಮಾಡ್ತಿದ್ದೆ. ಕಾಂಕ್ರೀಟ್ ಒಳಗೆ ಹೂತು ಹೋಗುವಂಥದ್ದು, ಅಂದರೆ ಕಂಬಿಯ ಡಯಾ, ಲ್ಯಾಪ್, ಕವರ್, ಎಲೆಕ್ಟ್ರಿಕಲ್ ಪೈಪು. ಇದನ್ನು ಅವತ್ತೇ ಕೇಳಬೇಕು, ಬೈದರೂ ಸರಿ. ಉಳಿದದ್ದು, ಯಾಕೆ ಹೀಗೆ, ಕೋಡ್ ಏನು ಹೇಳುತ್ತೆ ಅನ್ನೋದೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು ಸಂಜೆ ಟೀ ಹೊತ್ತಿಗೆ, ಲೇಬರ್ ಹೋದ ಮೇಲೆ ಕೇಳ್ತಿದ್ದೆ. ಬೆಳಗ್ಗೆ ಸಿಡುಕಿದ ಮನುಷ್ಯರೇ ಸಂಜೆ ಪೆನ್ನು ತೆಗೆದು ಚಿತ್ರ ಬರೆದು ತೋರಿಸ್ತಿದ್ದರು.

ಇನ್ನೊಂದು. ಫಿಟ್ಟರ್ ಕೈಯಲ್ಲಿರುವ ಡ್ರಾಯಿಂಗ್ ಯಾವುದು ಅಂತ ನೋಡಿದ್ದೀಯಾ? ಬಲಗಡೆ ಕೆಳಗಿನ ಮೂಲೆಯಲ್ಲಿ ರಿವಿಷನ್ ನಂಬರ್ ಇರುತ್ತೆ. ಆಫೀಸಿನ ಪ್ರತಿಗೂ ಅದಕ್ಕೂ ತಾಳೆ ನೋಡು. ಬದಲಾದ ಜಾಗಕ್ಕೆ ಸಾಮಾನ್ಯವಾಗಿ ಮೋಡದ ಹಾಗೆ ಸುತ್ತು ಹಾಕಿರ್ತಾರೆ. ಎಷ್ಟೋ ತಪ್ಪುಗಳು ಅಲ್ಲೇ ಹುಟ್ಟೋದು.

ಕರಾವಳಿ ಕಾಂಕ್ರೀಟ್ · ಗುರುವಾರ ಮಧ್ಯಾಹ್ನ 1:25

ಎಲ್ಲರೂ ಎಷ್ಟು ಉದ್ದ ಅಂತ ಮಾತಾಡ್ತಿದ್ದೀರಿ. ಎಲ್ಲಿ ಲ್ಯಾಪ್ ಅಂತ ಯಾರೂ ಕೇಳಲಿಲ್ಲ. ಭೂಕಂಪದ ಕೋಡ್ ಐಎಸ್ 1893ರ 2016ರ ಆವೃತ್ತಿಯಲ್ಲಿ ನಮ್ಮ ಮಂಗಳೂರಿನ ಹಾಗೆ ಧಾರವಾಡವೂ 3ನೇ ವಲಯ. ಅಂದ ಮೇಲೆ ಐಎಸ್ 13920 ಪ್ರಕಾರ ಕಾಲಂ ಲ್ಯಾಪ್ ಮಹಡಿಯ ಎತ್ತರದ ನಡುವಿನ ಅರ್ಧಭಾಗದಲ್ಲಿ ಬರಬೇಕು. ಸ್ಲ್ಯಾಬ್‌ನಿಂದಲೇ ಶುರುವಾಗಬಾರದು. 850 ಬಿಟ್ಟಿದ್ದಾರೆ ಅಂದರೆ ಲ್ಯಾಪ್ ಬುಡದಲ್ಲೇ ಅಂತಾಯಿತು.

ಕಬ್ಬಿಣದ ಕೆಲಸ · ಗುರುವಾರ ಮಧ್ಯಾಹ್ನ 1:50

ನಡುವಿನಲ್ಲಿ ಲ್ಯಾಪ್ ಕೊಡೋಕೆ ಅಷ್ಟೆತ್ತರದ ಕಂಬಿ ನಿಲ್ಲಿಸಬೇಕು ಸಾರ್. ಗಾಳಿಗೆ ಓಲಾಡುತ್ತೆ, ಕಟ್ಟಿ ಹಿಡೀಬೇಕು, ಸ್ಲ್ಯಾಬ್ ಮೇಲೆ ಕೆಲಸ ಮಾಡೋರಿಗೆ ಅಡ್ಡ. ಡ್ರಾಯಿಂಗಿನಲ್ಲಿ ಬರೆಯೋದು ಸುಲಭ. ನೂರಕ್ಕೆ ತೊಂಬತ್ತು ಸೈಟಿನಲ್ಲಿ ಸ್ಲ್ಯಾಬ್‌ನಿಂದಲೇ ಕೊಡೋದು.

ಡಿಸೈನ್ ಟೇಬಲ್ · ಗುರುವಾರ ಮಧ್ಯಾಹ್ನ 2:30

ಕರಾವಳಿ ಹೇಳಿದ್ದು ಸರಿ, ನಾನು ಅದನ್ನು ಮೊದಲೇ ಹೇಳಬೇಕಿತ್ತು. ಕಷ್ಟ ಇದೆ ಅನ್ನೋದೂ ನಿಜ. ಆದರೆ ಕಷ್ಟ ಅಂತ ಬುಡದಲ್ಲಿ ಲ್ಯಾಪ್ ಕೊಟ್ಟರೆ, ಪೆಟ್ಟು ಜಾಸ್ತಿ ಬೀಳುವ ಜಾಗದಲ್ಲೇ ಜೋಡಣೆ ಮಾಡಿದ ಹಾಗಾಗುತ್ತದೆ. ಗದಗಿನವಳು, ನಿಮ್ಮ ಡ್ರಾಯಿಂಗಿನಲ್ಲಿ ರಿಂಗುಗಳು ಬುಡ ತುದಿಯಲ್ಲಿ ಒತ್ತಾಗಿವೆ ಅಂದಿರಿ. ಅಂದರೆ ಡಿಸೈನರ್ ಭೂಕಂಪದ ಲೆಕ್ಕ ಇಟ್ಟುಕೊಂಡೇ ಬರೆದಿದ್ದಾರೆ ಅಂತ ಕಾಣುತ್ತೆ. ಕಾಲಂ ಡಿಟೇಲ್ ಶೀಟ್‌ನಲ್ಲಿ ಲ್ಯಾಪ್ ಎಲ್ಲಿ ತೋರಿಸಿದ್ದಾರೆ ಅಂತ ನೋಡಿ. ಇದನ್ನೂ ಕೇಳಿ.

ಗದಗಿನವಳು · ಗುರುವಾರ ರಾತ್ರಿ 9:15

ಇವತ್ತು ಕೇಳಿದೆ. ಪೂರ್ತಿ ಬರೀತೀನಿ.

ಊಟದ ಹೊತ್ತಿಗೆ ಫಿಟ್ಟರ್ ಅಣ್ಣನ ಡ್ರಾಯಿಂಗ್ ತೋರಿಸಿ ಅಂತ ಕೇಳಿದೆ. ನಾಲ್ಕು ಮಡಿಕೆ ಮಾಡಿ ಜೇಬಲ್ಲಿ ಇಟ್ಟಿದ್ದರು, ಮಡಿಕೆಯ ಗುಂಟ ಹರಿದಿತ್ತು, ತುಕ್ಕಿನ ಬೆರಳಚ್ಚು. ಮೂಲೆಯಲ್ಲಿ ಆರ್1 ಅಂತ ಇತ್ತು. ಆಫೀಸಿನ ಫೈಲಿನಲ್ಲಿ ಇರೋದು ಆರ್2. ಅಕ್ಕಾ, ನೀವು ಹೇಳಿದ ಹಾಗೆ ಮೋಡದ ಗುರುತು ಇತ್ತು. ಎರಡು ಕಾಲಂ, ಸಿ1 ಮತ್ತು ಸಿ7. ಆರ್1ರಲ್ಲಿ ಅವಕ್ಕೂ ಮೇಲೆ 16. ಆರ್2ರಲ್ಲಿ ಮೇಲಿನ ಮಹಡಿಗೂ 20 ಅಂತ ಬದಲಾಗಿದೆ. ಅಂದರೆ ಅಲ್ಲಿ 20ಕ್ಕೆ 20 ಜೋಡಣೆ, 1000 ಬೇಕು. ಇರೋದು 850. ಕೈ ತಣ್ಣಗಾಯಿತು.

ನಾಲ್ಕು ಸೈಟ್ ಸರ್ ಬರೆದ ವಾಕ್ಯವನ್ನೇ ನನ್ನ ಲೆಕ್ಕಕ್ಕೆ ಹೊಂದಿಸಿ ಪುಸ್ತಕದಲ್ಲಿ ಬರೆದುಕೊಂಡೆ. ಎರಡು ಡ್ರಾಯಿಂಗೂ, ಟೇಪ್ ಹಿಡಿದ ಫೋಟೊನೂ ತಗೊಂಡು ಸರ್ ಹತ್ತಿರ ಹೋದೆ. ಅವರು ಫೋನಿನಲ್ಲಿದ್ದರು, ಕಾದೆ. ಹೇಳುವಾಗ ಧ್ವನಿ ನಡುಗ್ತಿತ್ತು. ಅವರು ಏನೂ ಮಾತಾಡಲಿಲ್ಲ. ಎರಡು ಶೀಟನ್ನೂ ಕಾರಿನ ಬಾನೆಟ್ ಮೇಲೆ ಹರಡಿ ನೋಡಿದರು. ಆಮೇಲೆ ನನ್ನ ಜೊತೆ ಮೇಲೆ ಬಂದು ತಾವೇ ಟೇಪ್ ಹಿಡಿದರು. ಸಣ್ಣ ಡಯಾನಾ ದೊಡ್ಡದಾ ಅಂತ ಅವರಿಗೂ ಖಾತ್ರಿ ಇರಲಿಲ್ಲ, ನನ್ನ ಮುಂದೆಯೇ ಡಿಸೈನರ್‌ಗೆ ಫೋನ್ ಮಾಡಿ ಕೇಳಿದರು. 16 ಬರುವ ಕಡೆ 850 ಸಾಕು ಅಂದರು ಡಿಸೈನರ್.

ಸಿ1, ಸಿ7 ಇನ್ನೂ ತೀರ್ಮಾನ ಆಗಿಲ್ಲ.

ಕಬ್ಬಿಣದ ಕೆಲಸ · ಗುರುವಾರ ರಾತ್ರಿ 9:40

150 ಕಡಿಮೆ ಅಷ್ಟೇ ಅಲ್ವಾ ಮೇಡಂ. ಪಕ್ಕದಲ್ಲಿ ಎರಡು ಕಂಬಿ ತುಂಡು ಇಳಿಸಿ ಕಟ್ಟಿದರೆ ಆಯಿತು. ಇಲ್ಲಾಂದರೆ ವೆಲ್ಡಿಂಗ್.

ಡಿಸೈನ್ ಟೇಬಲ್ · ಗುರುವಾರ ರಾತ್ರಿ 10:05

ಆ ಎರಡೂ ಬೇಡ. ಕೆಳಗಿನ ಕಾಲಂ ಈಗಾಗಲೇ ಬೀಮ್ ತಳದವರೆಗೆ ಕಾಂಕ್ರೀಟ್ ಆಗಿದೆ. ಹೊಸ ತುಂಡು ಕಂಬಿ ಇಳಿಸಿದರೆ ಅದಕ್ಕೆ ಸಿಗೋದು ಬೀಮಿನ ಆಳ ಮಾತ್ರ. ಬೀಮ್ 450 ಇದ್ದರೆ 20ರ ಕಂಬಿಗೆ ಅದು 22 ಪಟ್ಟು ಆಯಿತು, ಬೇಕಾಗಿರುವುದರ ಅರ್ಧವೂ ಇಲ್ಲ. ಮೇಲೆ ಎಷ್ಟೇ ಉದ್ದ ಇದ್ದರೂ ಕೆಳಗೆ ಹಿಡಿತ ಇಲ್ಲ. ವೆಲ್ಡಿಂಗ್ ಅಂತೂ ಡಿಸೈನರ್ ಹೇಳದೆ ಮುಟ್ಟಲೇಬೇಡಿ, ಬಿಸಿಗೆ ಕಂಬಿಯ ಗುಣ ಬದಲಾಗಬಹುದು.

ದಾರಿ ಎರಡಿವೆ. ಒಂದು, ಎರಡು ಕಂಬಿಗಳ ತುದಿಯನ್ನು ಸೇರಿಸಿ ಹಿಡಿಯುವ ಕಪ್ಲರ್ ಹಾಕಿ ಜೋಡಿಸೋದು. ಇನ್ನೊಂದು, ಡಿಸೈನರ್ ಆ ಎರಡು ಕಾಲಂ ಲೆಕ್ಕ ಮತ್ತೆ ತೆಗೆದು ನೋಡೋದು. 850 ಅಂದರೆ 20ರ ಕಂಬಿಗೆ 42 ಪಟ್ಟು. ಎಂ25 ಆಗಿದ್ದು, ಕಂಬಿಗಳು ಒತ್ತಡದಲ್ಲೇ ಇದ್ದರೆ ಅದು ಸಾಲುತ್ತದೆ. ಎಳೆತ ಬಂದರೆ ಸಾಲೋದಿಲ್ಲ. ಏನೇ ಆದರೂ ಅವರಿಂದ ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಸರಿ ಅಂದದ್ದು ನಾಳೆ ಯಾರ ನೆನಪಿನಲ್ಲೂ ಇರೋದಿಲ್ಲ.

ಕೋಡ್ ಬರೆಯೋನು · ಗುರುವಾರ ರಾತ್ರಿ 10:20

ನಾನು ಮೊದಲು ಬರೆದದ್ದು ವಾಪಸ್ ತಗೊಳ್ತೀನಿ. ಆದರೆ ನಮ್ಮಲ್ಲೂ ಹಳೆ ವರ್ಷನ್ ಇಟ್ಟುಕೊಂಡು ಕೆಲಸ ಮಾಡಿ ಹಾಳಾಗೋದು ಇದ್ದೇ ಇದೆ. ಹಳೆ ಪ್ರತಿಗಳನ್ನು ಸೈಟಿನಿಂದ ವಾಪಸ್ ತಗೊಳ್ಳೋಕೆ ಯಾರೂ ಇಲ್ಲವಾ?

ನಾಲ್ಕು ಸೈಟ್ · ಗುರುವಾರ ರಾತ್ರಿ 10:45

ಅದು ಸೀನಿಯರ್ ಕೆಲಸ. ಹೊಸ ರಿವಿಷನ್ ಕೊಟ್ಟ ದಿನವೇ ಹಳೆಯದನ್ನು ಕೈಯಿಂದ ವಾಪಸ್ ತಗೊಂಡು ಅಡ್ಡಗೆರೆ ಎಳೆಯಬೇಕು. ಗ್ರೂಪಿನಲ್ಲಿ ಪಿಡಿಎಫ್ ಹಾಕಿದರೆ ಸಾಲದು. ನಿಜ ಹೇಳಬೇಕು ಅಂದರೆ ಇದನ್ನು ಓದಿ ನಾನೂ ನಾಳೆ ನಮ್ಮ ನಾಲ್ಕು ಸೈಟಿನ ಫಿಟ್ಟರ್‌ಗಳ ಕೈಯಲ್ಲಿ ಇರೋದು ಯಾವುದು ಅಂತ ನೋಡಿಸ್ತೀನಿ.

ಕ್ವಾಲಿಟಿ ಅಕ್ಕ · ಗುರುವಾರ ರಾತ್ರಿ 11:00

ಶುಕ್ರವಾರದ ಚೆಕ್‌ಲಿಸ್ಟ್‌ಗೆ ಸುಮ್ನೆ ಸಹಿ ಹಾಕಬೇಡ. ಸಿ1, ಸಿ7 ಲ್ಯಾಪ್ ಬಾಕಿ, ಡಿಸೈನರ್ ಉತ್ತರಕ್ಕೆ ಕಾಯುತ್ತಿದೆ ಅಂತ ಷರಾ ಬರೆದು ಆಮೇಲೆ ಸಹಿ ಹಾಕು. ಷರಾ ಬರೆಯೋಕೆ ಅಂತಲೇ ಅದರಲ್ಲಿ ಜಾಗ ಇರುತ್ತೆ.

ಗದಗಿನವಳು · ಶುಕ್ರವಾರ ರಾತ್ರಿ 8:30

ಷರಾ ಬರೆದೆ ಅಕ್ಕ. ಸರ್ ಅದನ್ನು ಓದಿ, ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ನಾಳೆಯ ಕಾಂಕ್ರೀಟ್ ನಿಂತಿದೆ. ಪಂಪ್ ವಾಪಸ್ ಕಳಿಸಬೇಕಾಯಿತು, ಮಿಕ್ಸರ್ ಬುಕಿಂಗೂ ರದ್ದು. ಸರ್ ಮುಖ ಗಂಟಿಕ್ಕಿಕೊಂಡೇ ಇದ್ದಾರೆ, ನನ್ನ ಮೇಲಾ ಅಥವಾ ಕೆಲಸ ನಿಂತಿದ್ದಕ್ಕಾ ಗೊತ್ತಿಲ್ಲ. ಡಿಸೈನರ್ ಮೇಲ್ ಬಂದಿದೆ. ಸಿ7 ಒಳಗಿನ ಕಾಲಂ, ಅಲ್ಲಿ 850 ನಡೆಯುತ್ತೆ ಅಂತ ಬರೆದು ಕೊಟ್ಟಿದ್ದಾರೆ. ಸಿ1 ಮೂಲೆಯದ್ದು. ಅದಕ್ಕೆ ಕಪ್ಲರ್ ಬೇಕಾಗಬಹುದು, ಭಾನುವಾರ ಸೈಟಿಗೆ ಬಂದು ನೋಡಿ ಹೇಳ್ತೀನಿ ಅಂದಿದ್ದಾರೆ. ಲ್ಯಾಪ್ ಬುಡದಲ್ಲಿ ಯಾಕೆ ಅಂತಲೂ ಸರ್ ಮುಂದೆಯೇ ಫೋನಿನಲ್ಲಿ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಅದನ್ನೂ ಭಾನುವಾರ ಕೂತು ಮಾತಾಡೋಣ, ಅಲ್ಲಿವರೆಗೆ ಕಾಂಕ್ರೀಟ್ ಬೇಡ ಅಂದರು.

ಸಂಜೆ ಫಿಟ್ಟರ್ ಅಣ್ಣ ಬಂದು ಹಳೆ ಡ್ರಾಯಿಂಗ್ ನನ್ನ ಕೈಗೆ ಕೊಟ್ಟು ಹೊಸದು ಇಸಿದುಕೊಂಡು ಹೋದರು. ಭಾನುವಾರ ಏನಾಯಿತು ಅಂತ ಬರೀತೀನಿ.